ಒಬ್ಬಳ ಹೆಸರಿನ ಜೀನ್ಸ್ ಘಟಕ ಪ್ರೈವೇಟ್ ಲಿಮಿಟೆಡ್ ಆದದ್ದು: ಬಳ್ಳಾರಿಯಿಂದ ಒಂದು ಅನುಭವ

ಪ್ರೊಪ್ರೈಟರ್‌ಶಿಪ್ಪನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಬದಲಾಯಿಸುವ ಅರ್ಜಿ ಅಂತ ಒಂದು ಇರುತ್ತದೆ, ತುಂಬಿ ಕೊಟ್ಟರೆ ಕೆಲಸ ಮುಗಿಯುತ್ತದೆ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಅಂಥ ಅರ್ಜಿ ಇಲ್ಲ. ಕಂಪನಿ ಕಾಯ್ದೆಯ 366ನೇ ಕಲಂ ಪಾಲುದಾರಿಕೆ ಸಂಸ್ಥೆಗಳಿಗೆ ನೇರವಾಗಿ ಕಂಪನಿಯಾಗಿ ನೋಂದಾಯಿಸಿಕೊಳ್ಳುವ ದಾರಿ ಕೊಡುತ್ತದೆ. ಒಬ್ಬರೇ ಮಾಲೀಕರಾಗಿರುವ ವ್ಯಾಪಾರಕ್ಕೆ ಆ ದಾರಿ ಇಲ್ಲ. ನಾವು ಮಾಡಬೇಕಾದದ್ದು ಬೇರೆ: ಮೊದಲು ಹೊಸ ಕಂಪನಿ ಹುಟ್ಟಿಸಬೇಕು, ಆಮೇಲೆ ಆ ಕಂಪನಿ ನಮ್ಮ ವ್ಯಾಪಾರವನ್ನು ಅದರ ಆಸ್ತಿ ಮತ್ತು ಸಾಲಗಳ ಸಮೇತ ಇಡಿಯಾಗಿ ವಹಿಸಿಕೊಳ್ಳಬೇಕು, ಅದಕ್ಕೆ ಬದಲಾಗಿ ನಮಗೆ ದುಡ್ಡು ಕೊಡದೆ ಷೇರು ಕೊಡಬೇಕು. ನಾನು ಈಗಷ್ಟೇ ಈ ಕೆಲಸ ಮುಗಿಸಿದ್ದೇನೆ. ಮಧ್ಯದಲ್ಲಿ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ನನ್ನ ಹಿಂದೆ ಬರುವವರಿಗೆ ಅಷ್ಟು ಕಷ್ಟ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಘಟಕ. ಬಾಡಿಗೆ ಶೆಡ್ಡು, ಮೂವತ್ತರ ಮೇಲೆ ಮಿಷನ್ನು, ಒಂದು ಕಟಿಂಗ್ ಟೇಬಲ್ಲು. ವಾಷಿಂಗ್ ಹೊರಗೆ ಜಾಬ್ ವರ್ಕ್‌ಗೆ ಕೊಡುತ್ತೇವೆ. ವ್ಯಾಪಾರ ಮೊದಲಿನಿಂದಲೂ ನನ್ನ ಹೆಸರಿನಲ್ಲಿತ್ತು. ದೊಡ್ಡ ಖರೀದಿದಾರರೊಬ್ಬರು ಕಂಪನಿ ಇದ್ದರೆ ಮಾತ್ರ ವರ್ಷದ ಆರ್ಡರ್ ಕೊಡುತ್ತೇವೆ ಎಂದಾಗ ಈ ಯೋಚನೆ ಶುರುವಾಯಿತು. ಅದರ ಜೊತೆಗೆ, ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಬಟ್ಟೆ ಅಂಗಡಿಯವರ ಬಾಕಿಗೆ ಮನೆ ಹೋಗಬಾರದು ಎಂಬ ಆಸೆಯೂ ಇತ್ತು. ಆ ಆಸೆ ಅರ್ಧ ಮಾತ್ರ ಈಡೇರಿತು. ಅದನ್ನು ಬ್ಯಾಂಕಿನ ವಿಷಯ ಬಂದಾಗ ಹೇಳುತ್ತೇನೆ.

ನಮ್ಮ ಸಿಎ ಮೊದಲ ದಿನವೇ ಆದಾಯ ತೆರಿಗೆಯ ಮೂರು ಷರತ್ತುಗಳನ್ನು ಹೇಳಿ, "ಇವು ತಲಿಯಾಗ ಇಟ್ಕೊಳ್ರಿ ಅಕ್ಕಾರ, ಉಳಿದಿದ್ದೆಲ್ಲ ನಾವು ನೋಡ್ಕೊಂತೀವಿ" ಅಂದರು. 1961ರ ಆದಾಯ ತೆರಿಗೆ ಕಾಯ್ದೆಯ 47ನೇ ಕಲಮಿನ 14ನೇ ಉಪಖಂಡದಲ್ಲಿ ಇರುವುದು ಇದು. ಒಂದು, ವ್ಯಾಪಾರಕ್ಕೆ ಸೇರಿದ ಎಲ್ಲ ಆಸ್ತಿಯೂ ಎಲ್ಲ ಸಾಲವೂ ಕಂಪನಿಗೆ ಹೋಗಬೇಕು, ನಮಗೆ ಬೇಕಾದ್ದು ಇಟ್ಟುಕೊಂಡು ಬೇಡವಾದ್ದು ಕೊಡುವಂತಿಲ್ಲ. ಎರಡು, ಕಂಪನಿಯ ಮತಾಧಿಕಾರದಲ್ಲಿ ಕನಿಷ್ಠ ಶೇ. 50 ಪ್ರೊಪ್ರೈಟರ್ ಆಗಿದ್ದವರ ಹತ್ತಿರವೇ ಇರಬೇಕು, ಅದೂ ಐದು ವರ್ಷ. ಮೂರು, ಷೇರು ಬಿಟ್ಟು ಬೇರೆ ಯಾವ ರೂಪದಲ್ಲೂ, ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ, ಪ್ರೊಪ್ರೈಟರಿಗೆ ಪ್ರತಿಫಲ ಸಿಗಬಾರದು. ಈ ಮೂರೂ ಪಾಲಿಸಿದರೆ ಮಿಷನ್ನು, ಹೆಸರು, ಗುಡ್‌ವಿಲ್ ಇವೆಲ್ಲ ಕಂಪನಿಗೆ ದಾಟುವಾಗ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಮುಂದೆ ಮುರಿದರೆ, ಅವತ್ತು ಬಿಟ್ಟ ಲಾಭಕ್ಕೆ ಮುರಿದ ವರ್ಷ ಕಂಪನಿಯ ಮೇಲೆ ತೆರಿಗೆ ಬರುತ್ತದೆ. (2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಕಲಂ ಸಂಖ್ಯೆಗಳು ಬೇರೆ. ನನ್ನದು 2025ರ ಏಪ್ರಿಲ್ 1ಕ್ಕೆ ಆದದ್ದು. ನಿಮ್ಮ ಸಿಎ ಹತ್ತಿರ ಹೊಸ ಸಂಖ್ಯೆ ಕೇಳಿಕೊಳ್ಳಿ.)

ಏಪ್ರಿಲ್ 1 ಅನ್ನು ಬೇಕೆಂದೇ ಆರಿಸಿದೆವು. ವರ್ಷದ ನಡುವೆ ದಾಟಿದರೆ ಆ ವರ್ಷದ ಸವಕಳಿಯನ್ನು ಮಿಷನ್ ಯಾರ ಹತ್ತಿರ ಎಷ್ಟು ದಿನ ಇತ್ತು ಎಂದು ಲೆಕ್ಕ ಹಾಕಿ ಇಬ್ಬರಿಗೂ ಹಂಚಬೇಕು, ಎರಡೂ ಕಡೆ ಮುರುಕು ವರ್ಷದ ಪುಸ್ತಕ ಮುಚ್ಚಬೇಕು. ಮಾರ್ಚ್ 31ಕ್ಕೆ ಒಂದು ಮುಚ್ಚಿ, ಮರುದಿನ ಇನ್ನೊಂದು ತೆರೆದರೆ ಆ ಗೋಜಿಲ್ಲ.

ಕಂಪನಿ ಹುಟ್ಟಿಸುವ ಕೆಲಸ ಸುಲಭದ್ದು. SPICe+ ಅರ್ಜಿಯ ಮೊದಲ ಭಾಗದಲ್ಲಿ ಹೆಸರು ಕೇಳಬೇಕು. ನಮ್ಮ ಹಳೆಯ ಹೆಸರೇ ಬೇಕಿದ್ದರಿಂದ, ಪ್ರೊಪ್ರೈಟರ್ ಆಗಿ ನಾನೇ ಕಂಪನಿಗೆ ನಿರಾಕ್ಷೇಪಣಾ ಪತ್ರ ಬರೆದುಕೊಟ್ಟೆ. ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಎರಡಕ್ಕೂ ನಾನು ಮತ್ತು ನನ್ನ ಯಜಮಾನರು. ಇಲ್ಲಿ ನೋಡಿಕೊಳ್ಳಬೇಕಾದ್ದು ಎರಡು. ಕಂಪನಿಯ ಮೂಲ ದಾಖಲೆಯಾದ ಮೆಮೊರಾಂಡಮ್‌ನ ಉದ್ದೇಶಗಳಲ್ಲಿ ಇಂಥ ಹೆಸರಿನ ಪ್ರೊಪ್ರೈಟರ್‌ಶಿಪ್ ವ್ಯಾಪಾರವನ್ನು ಆಸ್ತಿ, ಸಾಲಗಳ ಸಮೇತ ವಹಿಸಿಕೊಳ್ಳುವುದು ಎಂಬ ಸಾಲು ಇರಲೇಬೇಕು. ಇನ್ನೊಂದು, ಅಧಿಕೃತ ಬಂಡವಾಳ, ಅಂದರೆ ಕಂಪನಿ ಒಟ್ಟು ಎಷ್ಟು ಮೊತ್ತದ ಷೇರು ಕೊಡಬಹುದು ಎಂಬ ಮಿತಿ. 15 ಲಕ್ಷದವರೆಗೆ ನೋಂದಣಿಯ ಸರ್ಕಾರಿ ಶುಲ್ಕವಿಲ್ಲ ಎಂದು ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ನಮ್ಮ ವ್ಯಾಪಾರದ ಬೆಲೆಗೆ ಕೊಡಬೇಕಾದ ಷೇರೇ ಸುಮಾರು 30 ಲಕ್ಷದ್ದು ಎಂದು ಮೊದಲೇ ಅಂದಾಜಿತ್ತು. ಹಾಗಾಗಿ ಆರಂಭದಲ್ಲೇ 35 ಲಕ್ಷ ಇಟ್ಟೆವು. ಕಡಿಮೆ ಇಟ್ಟಿದ್ದರೆ ಷೇರು ಹಂಚುವ ಮುಂಚೆ ಮತ್ತೆ ಸಭೆ ಕರೆದು, SH-7 ನಮೂನೆ ಹಾಕಿ, ಶುಲ್ಕ ಕಟ್ಟಿ ಏರಿಸಬೇಕಿತ್ತು.

ಮೊದಲಿಗೆ ನಾವಿಬ್ಬರೂ ಸೇರಿ ಹಾಕಿದ್ದು ನಗದು 1 ಲಕ್ಷ: 10 ರೂಪಾಯಿ ಮುಖಬೆಲೆಯ 10,000 ಷೇರು, ನನಗೆ 9,000, ಅವರಿಗೆ 1,000. ಈ ದುಡ್ಡು ಕಂಪನಿಯ ಖಾತೆಗೆ ಬಂದದ್ದನ್ನು ತೋರಿಸಿ INC-20A ಎಂಬ ಘೋಷಣೆ ಹಾಕುವವರೆಗೆ ಕಂಪನಿ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ತರುವಂತಿಲ್ಲ. ಅದಕ್ಕೆ 180 ದಿನ ಸಮಯ ಇದೆ ನಿಜ, ಆದರೆ ಏಪ್ರಿಲ್ 1ಕ್ಕೆ ವ್ಯಾಪಾರ ದಾಟಬೇಕೆಂದರೆ ಅದಕ್ಕೂ ಮುಂಚೆಯೇ ಅದು ಆಗಿರಬೇಕು. ಕಂಪನಿಯ ಖಾತೆ ಚಾಲೂ ಆಗುವುದೇ ನಾವಂದುಕೊಂಡದ್ದಕ್ಕಿಂತ ತಡವಾಯಿತು. ಡಿಸೆಂಬರಿನಲ್ಲಿ ಪ್ರಮಾಣಪತ್ರ ಬಂದರೂ INC-20A ಹೋಗುವಾಗ ಫೆಬ್ರವರಿ ಹಿಡಿದಿತ್ತು. ಏಪ್ರಿಲ್‌ಗೆ ಮಾಡಬೇಕೆನ್ನುವವರು ದೀಪಾವಳಿ ಮುಗಿದ ಕೂಡಲೇ ಶುರು ಮಾಡಿ.

ನಿಜವಾದ ಕೆಲಸ ಬ್ಯಾಲೆನ್ಸ್ ಶೀಟ್ ತೊಳೆಯುವುದರಲ್ಲಿತ್ತು. ಒಬ್ಬರ ಹೆಸರಿನ ವ್ಯಾಪಾರದಲ್ಲಿ ಮನೆ ಯಾವುದು, ಅಂಗಡಿ ಯಾವುದು ಎಂಬ ಗೆರೆ ಇರುವುದಿಲ್ಲ. ನನ್ನ ಹಳೆಯ ಬ್ಯಾಲೆನ್ಸ್ ಶೀಟಿನಲ್ಲಿ ಎಲ್‌ಐಸಿ ಪಾಲಿಸಿ ಇತ್ತು, ಮಗಳ ಹೆಸರಿಗೆ ಇಟ್ಟ ಎಫ್‌ಡಿ ಇತ್ತು, ನಾನು ಕಟ್ಟಿದ ಮುಂಗಡ ತೆರಿಗೆ ಇತ್ತು. ಇವು ವ್ಯಾಪಾರದ ಆಸ್ತಿಯಲ್ಲ. ಮುಂಗಡ ತೆರಿಗೆ ನನ್ನ ಪ್ಯಾನ್‌ಗೆ ಅಂಟಿಕೊಂಡಿರುವಂಥದ್ದು, ಕಂಪನಿ ಅದನ್ನು ಎಂದೂ ಬಳಸಲಾರದು. ಇವನ್ನೆಲ್ಲ ನನ್ನ ಡ್ರಾಯಿಂಗ್ಸ್‌ಗೆ ಹಾಕಿ ಮಾರ್ಚ್ 31ಕ್ಕೆ ಮುಂಚೆ ಹೊರಗೆ ತೆಗೆದೆವು. ಬೊಲೆರೊ ಗಾಡಿ ಮಾತ್ರ ಒಳಗೇ ಉಳಿಯಬೇಕಾಯಿತು. ಭಾನುವಾರ ನಾವು ಊರಿಗೆ ಹೋಗುವುದು ಅದರಲ್ಲೇ, ಮನೆಯಲ್ಲಿ ಎಲ್ಲರೂ "ನಮ್ಮ ಗಾಡಿ" ಅನ್ನುವುದೂ ಅದಕ್ಕೇ. ಆದರೆ ವರ್ಷ ವರ್ಷ ಅದರ ಮೇಲೆ ಸವಕಳಿ ಪಡೆದಿದ್ದೇನೆ, ಅದರ ಸಾಲದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿದ್ದೇನೆ. ಇಷ್ಟು ದಿನ ವ್ಯಾಪಾರದ್ದು ಎಂದವರು ಕೊನೆಯ ದಿನ ಮನೆಯದು ಎಂದರೆ "ಎಲ್ಲ ಆಸ್ತಿ" ಎಂಬ ಷರತ್ತಿನ ಕುತ್ತಿಗೆಗೇ ಬರುತ್ತದೆ. ಆರ್‌ಟಿಒದಲ್ಲಿ ಆರ್‌ಸಿ ಕಂಪನಿಯ ಹೆಸರಿಗೆ ಮಾಡಿಸುವುದಕ್ಕೆ ಸಾಲ ಕೊಟ್ಟ ಫೈನಾನ್ಸಿನವರ ಒಪ್ಪಿಗೆಯೂ ಬೇಕಾಯಿತು.

ಜಾಗದ ವಿಷಯದಲ್ಲಿ ನಮಗೆ ತೊಂದರೆ ಇರಲಿಲ್ಲ, ಏಕೆಂದರೆ ಶೆಡ್ಡು ಬಾಡಿಗೆಯದು. ಮಾಲೀಕರು ಕಂಪನಿಯ ಹೆಸರಿಗೆ ಹೊಸ ಕರಾರು ಮಾಡಿಕೊಟ್ಟರು. ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಜಾಗವೋ ಕಟ್ಟಡವೋ ಇದ್ದರೆ ಅದು ಬರೀ ಒಪ್ಪಂದದಿಂದ ದಾಟುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಇಡೀ ಖರ್ಚಿನಲ್ಲಿ ಅದೇ ದೊಡ್ಡ ಪಾಲಾಗುತ್ತದೆ. ಮೊದಲು ಆ ಲೆಕ್ಕ ಹಾಕಿ, ಆಮೇಲೆ ನಿರ್ಧಾರ ಮಾಡಿ.

ಇನ್ನು ಕೈಸಾಲ. ಇದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನನ್ನ ಪುಸ್ತಕದಲ್ಲಿ ಎರಡು ಮನೆಮಂದಿಯ ಸಾಲ ಇದ್ದವು: ನಮ್ಮಣ್ಣನದು 3 ಲಕ್ಷ, ಮೈದುನನದು 4 ಲಕ್ಷ. ಪ್ರೊಪ್ರೈಟರ್ ಆಗಿ ಯಾರ ಹತ್ತಿರ ಕೈಸಾಲ ತಂದರೂ ಕೇಳುವವರಿರಲಿಲ್ಲ. ಕಂಪನಿಗೆ ಹಾಗಲ್ಲ. ಹೊರಗಿನ ವ್ಯಕ್ತಿಯಿಂದ ತಂದ ಸಾಲ ಕಂಪನಿ ಕಾಯ್ದೆಯಲ್ಲಿ "ಠೇವಣಿ" ಎನಿಸಿಕೊಳ್ಳುತ್ತದೆ, ಅದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ನಿರ್ದೇಶಕರು ಮತ್ತು ಅವರ ಸಂಬಂಧಿಕರು ಪ್ರೈವೇಟ್ ಕಂಪನಿಗೆ ಸಾಲ ಕೊಡಬಹುದು, ಆದರೆ "ಈ ಹಣ ನನ್ನ ಸ್ವಂತದ್ದು, ಬೇರೆಯವರಿಂದ ಸಾಲವಾಗಿ ತಂದದ್ದಲ್ಲ" ಎಂದು ಬರೆದುಕೊಡಬೇಕು. ಹಾಗಾದರೆ ಸಂಬಂಧಿಕರು ಎಂದರೆ ಯಾರು? ಕಾಯ್ದೆಯ ಪಟ್ಟಿ ಚಿಕ್ಕದು: ಗಂಡ ಹೆಂಡತಿ, ತಂದೆ ತಾಯಿ, ಮಗ ಸೊಸೆ, ಮಗಳು ಅಳಿಯ, ಒಡಹುಟ್ಟಿದವರು, ಮತ್ತು ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು.

"ನಿಮ್ಮಣ್ಣಾರು ನಡೀತಾರ. ಮೈದುನಾರು ನಿಮಗ ಸಂಬಂಧಿಕರಲ್ಲ" ಅಂದರು ಸಿಎ.

"ಒಂದ ಮನ್ಯಾಗ ಅದೀವಲ್ರಿ, ಸಂಬಂಧಿಕರಲ್ಲ ಅಂದ್ರ ಹೆಂಗ?"

"ನಿಮಗ ಅಲ್ಲ ಅಂದೆ. ನಿಮ್ಮ ಯಜಮಾನ್ರೂ ನಿರ್ದೇಶಕರದಾರ. ಅವರಿಗೆ ಒಡಹುಟ್ಟಿದ ತಮ್ಮ. ಆ ಲೆಕ್ಕದಾಗ ನಡೀತಾರ."

ನನ್ನ ಯಜಮಾನರನ್ನು ಬರೀ ಷೇರುದಾರರಾಗಿ ಇಟ್ಟು ಇನ್ನೊಬ್ಬರನ್ನು ನಿರ್ದೇಶಕರು ಮಾಡಿದ್ದರೆ ಮೈದುನನ ಸಾಲ ಕಂಪನಿಗೆ ಹೋಗುವಂತೆಯೇ ಇರಲಿಲ್ಲ. ಅಷ್ಟು ಸಣ್ಣ ವಿಷಯದ ಮೇಲೆ ಇದು ನಿಂತಿತ್ತು. ಆದರೆ ತೊಡಕು ಅಲ್ಲಿಗೇ ಮುಗಿಯಲಿಲ್ಲ. ಸ್ವಂತ ಹಣ ಎಂದು ಬರೆದುಕೊಡಲು ಕೇಳಿದಾಗ ಮೈದುನ, ಅದು ಸೊಸೈಟಿಯಲ್ಲಿ ಸಾಲ ಎತ್ತಿ ನಮಗೆ ಕೊಟ್ಟ ದುಡ್ಡು ಎಂದ. ಸುಳ್ಳು ಬರೆಸುವುದು ನನಗೂ ಬೇಕಿರಲಿಲ್ಲ, ಅವನೂ ಒಪ್ಪುತ್ತಿರಲಿಲ್ಲ. ಫೆಬ್ರವರಿ, ಮಾರ್ಚ್‌ನ ವಸೂಲಿಯಲ್ಲಿ ಹೊಸ ಬಟ್ಟೆ ಕಡಿಮೆ ತರಿಸಿ, ಕಂತಿನಲ್ಲಿ ಅವನ 4 ಲಕ್ಷವನ್ನು ಬ್ಯಾಂಕ್ ಮೂಲಕವೇ ತೀರಿಸಿದೆವು. ಮಾರ್ಚ್ 31ಕ್ಕೆ ಆ ಸಾಲ ಪುಸ್ತಕದಲ್ಲಿ ಇರಲಿಲ್ಲ. ಅಣ್ಣ ಬರೆದುಕೊಟ್ಟ, ಅವನ 3 ಲಕ್ಷ ಕಂಪನಿಗೆ ದಾಟಿತು. ನಿಮ್ಮ ಪುಸ್ತಕದಲ್ಲಿ ಅತ್ತಿಗೆ, ಭಾವ, ಗೆಳೆಯ, ಪಕ್ಕದ ಅಂಗಡಿಯವರ ಹೆಸರಿದ್ದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ, ಏಕೆಂದರೆ ತೀರಿಸುವುದಕ್ಕೆ ನಗದು ಬೇಕು, ನಗದಿಗೆ ತಿಂಗಳು ಬೇಕು.

ಷೇರು ಕೊಡುವ ಕ್ರಮಕ್ಕೆ ಬರುತ್ತೇನೆ. ದುಡ್ಡಿಗೆ ಬದಲಾಗಿ ಆಸ್ತಿ ಪಡೆದು ಷೇರು ಕೊಡುವುದರಿಂದ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಬರೀ ಸಿಎ ಸಹಿ ಸಾಲದು. ನಾನು ನಿರ್ದೇಶಕಿಯೂ ಹೌದು, ಮಾರುವವಳೂ ಹೌದು. ಹಾಗಾಗಿ ನಿರ್ದೇಶಕರಿಂದ ಕಂಪನಿ ನಗದಲ್ಲದ ಬೆಲೆಗೆ ಆಸ್ತಿ ಪಡೆಯುವಾಗ ಷೇರುದಾರರ ಸಭೆಯ ಒಪ್ಪಿಗೆ ಮುಂಚಿತವಾಗಿ ಬೇಕು ಎನ್ನುವ 192ನೇ ಕಲಂ ಅನ್ವಯಿಸುತ್ತದೆ. ಹೊಸ ಷೇರನ್ನು ನನಗೊಬ್ಬಳಿಗೇ ಕೊಡುವುದಕ್ಕೆ 62ನೇ ಕಲಮಿನಡಿ ವಿಶೇಷ ನಿರ್ಣಯ ಬೇಕು. ಸಭೆ ಎಂದರೆ ನಾವಿಬ್ಬರೇ. ಆದರೂ ನೋಟಿಸು, ವಿವರಣೆ, ಹಾಜರಿ, ನಡಾವಳಿ ಎಲ್ಲ ಇದ್ದವು. ಗಂಡ ಹೆಂಡತಿ ಕೂತು ಸಹಿ ಹಾಕುವುದಕ್ಕೆ ಇಷ್ಟೆಲ್ಲ ಏಕೆ ಎಂದು ಮೊದಲು ಅನ್ನಿಸಿತ್ತು. ಬ್ಯಾಂಕಿನವರು ಮುಂದೆ ಮೊದಲು ಕೇಳಿದ ಕಾಗದವೇ ಈ ನಡಾವಳಿ.

ಇಲ್ಲಿ ಒಂದು ಇಕ್ಕಟ್ಟಿದೆ. ಒಪ್ಪಿಗೆ ಏಪ್ರಿಲ್ 1ಕ್ಕೆ ಮುಂಚೆ ಬೇಕು, ಆದರೆ ಮಾರ್ಚ್ 31ರ ನಿಖರ ಲೆಕ್ಕ ಸಿಗುವುದು ಅದಾದ ಮೇಲೆ. ನಾವು ಮಾಡಿದ್ದು ಹೀಗೆ: ಫೆಬ್ರವರಿ ಕೊನೆಯ ಲೆಕ್ಕವನ್ನು ಮೌಲ್ಯಮಾಪಕರಿಗೆ ಕೊಟ್ಟೆವು. ಅವರು ಶೆಡ್ಡಿಗೆ ಬಂದು ಮಿಷನ್ನುಗಳ ನಂಬರ್ ಬರೆದುಕೊಂಡರು, ಡೆನಿಮ್ ಥಾನುಗಳನ್ನು ಎಣಿಸಿದರು, ವಾಷಿಂಗ್‌ಗೆ ಹೋಗಿದ್ದ ಮಾಲಿಗೆ ಚಲನ್ ಕೇಳಿದರು. ಆಮೇಲೆ ವಸೂಲಿ ಪಟ್ಟಿ ಹಿಡಿದು ಒಂದೊಂದೇ ಹೆಸರಿಗೆ ಕೊನೆಯ ಬಾರಿ ದುಡ್ಡು ಬಂದ ತಾರೀಖು ಕೇಳಿದರು. ಒಬ್ಬ ವ್ಯಾಪಾರಿಯ 1 ಲಕ್ಷ 40 ಸಾವಿರ ಎರಡು ವರ್ಷದಿಂದ ಅಲ್ಲಾಡಿರಲಿಲ್ಲ. ಅದಕ್ಕೆ ಬೆಲೆ ಕಟ್ಟುವುದಿಲ್ಲ ಎಂದರು. ಮನಸ್ಸಿಗೆ ಕಷ್ಟವಾಯಿತು, ಆದರೆ ಅವರ ಮಾತು ಸರಿ. ಬರದ ದುಡ್ಡಿಗೆ ಷೇರು ಕೊಟ್ಟರೆ ಆ ಷೇರಿನ ಹಿಂದೆ ಏನೂ ಇರುವುದಿಲ್ಲ. ಅದನ್ನು ಮಾರ್ಚ್‌ನಲ್ಲೇ ನನ್ನ ಹಳೆಯ ಪುಸ್ತಕದಲ್ಲಿ ಬಾರದ ಬಾಕಿ ಎಂದು ತೆಗೆದುಹಾಕಿದೆವು. ಅವರ ವರದಿಯಲ್ಲಿ ವ್ಯಾಪಾರದ ನಿವ್ವಳ ಬೆಲೆ 30 ಲಕ್ಷ 60 ಸಾವಿರ ಬಂತು. ಮಾರ್ಚ್ ಮಧ್ಯದ ಸಭೆಯಲ್ಲಿ 3 ಲಕ್ಷ ಷೇರಿನವರೆಗೆ ಕೊಡಲು ಒಪ್ಪಿಗೆ ಪಡೆದೆವು. ಮಾರ್ಚ್ 31ರ ಲೆಕ್ಕದಂತೆ ಬರುವ ನಿವ್ವಳ ಆಸ್ತಿಗೆ, ಅದಕ್ಕೆ ಮೀರದಂತೆ ಷೇರು ಎಂದು ಒಪ್ಪಂದದಲ್ಲಿ ಬರೆಸಿದೆವು.

ಕೊನೆಯ ಲೆಕ್ಕ ಹೀಗೆ ನಿಂತಿತು. ಮಾಲು 31.50 ಲಕ್ಷ, ಬರಬೇಕಾದ ಬಾಕಿ 26.40 ಲಕ್ಷ, ಮಿಷನ್ನು 14.20 ಲಕ್ಷ, ಗಾಡಿ 3.80 ಲಕ್ಷ, ಉಳಿದದ್ದು ಜಿಎಸ್‌ಟಿ ಕ್ರೆಡಿಟ್, ಬಾಡಿಗೆ ಮುಂಗಡ, ಬ್ಯಾಂಕು ನಗದು. ಒಟ್ಟು ಆಸ್ತಿ 80,54,260 ರೂಪಾಯಿ. ಸಾಲದ ಕಡೆ ಬ್ಯಾಂಕಿನ ಸಿಸಿ 26 ಲಕ್ಷ, ಬಟ್ಟೆ ಮತ್ತು ಸಾಮಾನು ಕೊಟ್ಟವರಿಗೆ 18.30 ಲಕ್ಷ, ಅಣ್ಣನದು 3 ಲಕ್ಷ, ಗಾಡಿಯದು 1.70 ಲಕ್ಷ, ಟೈಲರುಗಳ ಕೂಲಿ ಬಾಕಿ 1.50 ಲಕ್ಷ. ಒಟ್ಟು 50,50,000. ಕಳೆದರೆ 30,04,260. ಇದಕ್ಕೆ 10 ರೂಪಾಯಿಯ 3 ಲಕ್ಷ ಷೇರು, ಅಂದರೆ 30 ಲಕ್ಷ. ಉಳಿದದ್ದು 4,260 ರೂಪಾಯಿ.

ಆ 4,260 ರೂಪಾಯಿಯನ್ನು ನಮ್ಮ ಲೆಕ್ಕದ ಹುಡುಗ ಟ್ಯಾಲಿಯಲ್ಲಿ "ನಿರ್ದೇಶಕರ ಸಾಲ" ಎಂದು ನನ್ನ ಹೆಸರಿಗೆ ಜಮೆ ಹಾಕಿದ್ದ. ಎಲ್ಲರೂ ಹಾಗೇ ಮಾಡುತ್ತಾರೆ. ಸಿಎ ಅದನ್ನು ನೋಡಿದವರೇ ಅಳಿಸಿದರು. ಕಂಪನಿ ನನಗೆ ಅಷ್ಟು ಕೊಡಬೇಕಿದೆ ಎಂದಾದರೆ, ಷೇರಿನ ಜೊತೆಗೆ ಇನ್ನೊಂದು ಪ್ರತಿಫಲ ಸಿಕ್ಕಿತು ಎಂದೇ ಅರ್ಥ. ಮೊತ್ತ ಎಷ್ಟು ಚಿಕ್ಕದು ಎಂದು ಷರತ್ತು ನೋಡುವುದಿಲ್ಲ. ಅದನ್ನು ಬಂಡವಾಳ ಮೀಸಲಿಗೆ ಹಾಕಿದೆವು. ಕೆಲವರು ದೊಡ್ಡ ಮೊತ್ತವನ್ನೇ ಹೀಗೆ ಮಾಡುತ್ತಾರೆ: ಬಂಡವಾಳ ಖಾತೆಯಲ್ಲಿ 30 ಲಕ್ಷ ಇದ್ದರೆ 10 ಲಕ್ಷಕ್ಕೆ ಷೇರು ಪಡೆದು, 20 ಲಕ್ಷ ಸಾಲವೆಂದು ತೋರಿಸಿ, ಬೇಕಾದಾಗ ತೆಗೆದುಕೊಳ್ಳಬಹುದು ಎಂದು. ದುಡ್ಡು ತೆಗೆಯಲು ಅದು ಸುಲಭ ಎಂಬುದು ನಿಜ, ಆದರೆ ತೆರಿಗೆ ವಿನಾಯಿತಿ ಅಲ್ಲಿಗೇ ಹೋಯಿತು.

ಷೇರು ಹಂಚಿದ ಮೇಲೆ ನನ್ನವು 3,09,000, ಯಜಮಾನರವು 1,000. ಶೇ. 50ರ ಲೆಕ್ಕಕ್ಕೆ ಬರುವುದು ನನ್ನೊಬ್ಬಳ ಹೆಸರಿನಲ್ಲಿರುವುದು ಮಾತ್ರ. ಗಂಡ, ಮಕ್ಕಳ ಷೇರು ಸೇರಿಸಿಕೊಳ್ಳುವಂತಿಲ್ಲ. ಐದು ವರ್ಷದೊಳಗೆ ಮಕ್ಕಳಿಗೆ ಹಂಚುವವರು ಇದನ್ನು ಮರೆಯಬಾರದು. ವಿಶೇಷ ನಿರ್ಣಯಕ್ಕೆ MGT-14 ಅನ್ನು 30 ದಿನದೊಳಗೆ, ಹಂಚಿಕೆಗೆ PAS-3 ಅನ್ನು 15 ದಿನದೊಳಗೆ ಹಾಕಬೇಕು. PAS-3 ಜೊತೆ ಒಪ್ಪಂದದ ಪ್ರತಿ ಮತ್ತು ಮೌಲ್ಯಮಾಪನ ವರದಿ ಹೋಗುತ್ತವೆ. ಮೂರರಲ್ಲೂ ಮೊತ್ತ, ಷೇರಿನ ಸಂಖ್ಯೆ, ತಾರೀಖು ಒಂದಕ್ಕೊಂದು ಕೂಡಬೇಕು. ಷೇರು ಪತ್ರಕ್ಕೆ ಸ್ಟ್ಯಾಂಪ್ ಡ್ಯೂಟಿ ಶೇ. 0.005, ನಮ್ಮ 30 ಲಕ್ಷಕ್ಕೆ 150 ರೂಪಾಯಿ.

ಜಿಎಸ್‌ಟಿ ಕಡೆಗೆ ಬಂದರೆ, ಪ್ಯಾನ್ ಬದಲಾದ್ದರಿಂದ ಹಳೆಯ ನಂಬರ್ ಮುಂದುವರಿಯುವುದಿಲ್ಲ, ಹೊಸ ನೋಂದಣಿ ಬೇಕು. ಒಂದೇ ವಿಳಾಸದಲ್ಲಿ ಈಗಾಗಲೇ ಒಂದು ನಂಬರ್ ಇದೆಯಲ್ಲ ಎಂದು ವಿವರಣೆ ಕೇಳಿದರು. ವ್ಯಾಪಾರ ವರ್ಗಾವಣೆಯ ಒಪ್ಪಂದ, ಹೊಸ ಬಾಡಿಗೆ ಕರಾರು, ಕರೆಂಟ್ ಬಿಲ್ ಹಾಕಿ ಉತ್ತರ ಕೊಟ್ಟ ಮೇಲೆ ಸಿಕ್ಕಿತು. ಆ ಕಾಯುವ ದಿನಗಳಲ್ಲಿ ಹೊಲಿಗೆ ನಡೆಯಿತು, ಬಿಲ್ಲಿಂಗ್ ನಿಲ್ಲಿಸಿದ್ದೆವು. ಪ್ಯಾಕ್ ಮಾಡಿದ ಮಾಲು ಶೆಡ್ಡಿನಲ್ಲೇ ಕೂತಿತ್ತು, ಖರೀದಿದಾರರ ಫೋನು ಬರುತ್ತಲೇ ಇತ್ತು. ಎಲ್ಲಕ್ಕಿಂತ ಹೆಚ್ಚು ಕಳವಳಪಟ್ಟ ಕಾಲ ಅದು. ಮಾರ್ಚ್‌ನಲ್ಲೇ ಖರೀದಿದಾರರಿಗೆ ತಿಳಿಸಿ, ಆದಷ್ಟು ಮಾಲು ಮಾರ್ಚ್ ಕೊನೆಯೊಳಗೆ ಕಳಿಸಿಬಿಡಿ.

ನಡೆಯುವ ವ್ಯಾಪಾರವನ್ನು ಇಡಿಯಾಗಿ ವರ್ಗಾಯಿಸುವುದಕ್ಕೆ ಜಿಎಸ್‌ಟಿ ಇಲ್ಲ. ಆದರೆ ಹಳೆಯ ನಂಬರಿನಲ್ಲಿ ಉಳಿದ ಕ್ರೆಡಿಟ್ ತಾನಾಗಿ ಹೊಸ ನಂಬರಿಗೆ ಬರುವುದಿಲ್ಲ. ನನ್ನ ಹಳೆಯ ಲೆಡ್ಜರಿನಲ್ಲಿ 2.10 ಲಕ್ಷ ಇತ್ತು. ಹಳೆಯ ಲಾಗಿನ್‌ನಿಂದ ITC-02 ಹಾಕಬೇಕು, ಹೊಸ ಲಾಗಿನ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಇದಕ್ಕೆ ಸಿಎ ಪ್ರಮಾಣಪತ್ರ ಬೇಕು, ಅದರಲ್ಲಿ ವ್ಯಾಪಾರ ವರ್ಗಾವಣೆಯಲ್ಲಿ ಸಾಲ ಬಾಕಿಗಳನ್ನು ವಹಿಸಿಕೊಳ್ಳುವ ಸ್ಪಷ್ಟ ಷರತ್ತಿದೆ ಎಂದು ಹೇಳಿರಬೇಕು. ಅಂದರೆ ಒಪ್ಪಂದದಲ್ಲಿ ಆ ಷರತ್ತು ಇಲ್ಲದಿದ್ದರೆ ಪ್ರಮಾಣಪತ್ರವೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಸಾಮಾನ್ಯ ಮಾರಾಟದ ಒಪ್ಪಂದದ ನಕಲು ತೆಗೆದು ಬರೆಸಿದವರಿಗೆ ಇಲ್ಲೇ ಪೆಟ್ಟು ಬೀಳುತ್ತದೆ. ಕ್ರಮವೂ ಮುಖ್ಯ: ಮೊದಲು ಹಳೆಯ ನಂಬರಿನ ರಿಟರ್ನ್ ಎಲ್ಲ ಹಾಕಿ, ಆಮೇಲೆ ITC-02, ಹೊಸ ಲೆಡ್ಜರಿನಲ್ಲಿ ಮೊತ್ತ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಹಳೆಯದರ ರದ್ದತಿ ಅರ್ಜಿ. ರದ್ದಾದ ಮೇಲೆ ಮೂರು ತಿಂಗಳೊಳಗೆ GSTR-10 ಎಂಬ ಕೊನೆಯ ರಿಟರ್ನ್ ಇದೆ. ಕ್ಯಾಶ್ ಲೆಡ್ಜರಿನ ದುಡ್ಡು ITC-02ರಲ್ಲಿ ದಾಟುವುದಿಲ್ಲ, ಹಾಗಾಗಿ ಅಲ್ಲಿ ಹೆಚ್ಚು ಉಳಿಸಿಕೊಳ್ಳಬೇಡಿ.

ಬ್ಯಾಂಕು ಎಲ್ಲಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿತು. ಸಿಸಿ ಖಾತೆಯ ಹೆಸರು ಬದಲಾಯಿಸುವುದು ಎಂಬುದಿಲ್ಲ. ಕಂಪನಿಗೆ ಹೊಸದಾಗಿ ಸಾಲ ಮಂಜೂರು ಮಾಡಿ, ಅದರಿಂದ ನನ್ನ ಹಳೆಯ ಸಾಲ ಮುಚ್ಚುತ್ತಾರೆ. ಮತ್ತೆ ಪ್ರಾಜೆಕ್ಟ್ ವರದಿ, ಮತ್ತೆ ಸ್ಟಾಕ್ ತಪಾಸಣೆ, ಮತ್ತೆ ಪ್ರೊಸೆಸಿಂಗ್ ಶುಲ್ಕ. ವರ್ಗಾವಣೆಗೆ ಅಭ್ಯಂತರವಿಲ್ಲ ಎಂಬ ಪತ್ರವನ್ನು ಮಾರ್ಚ್‌ನಲ್ಲೇ ಪಡೆದಿದ್ದೆವು, ಮಂಜೂರಾತಿ ಬಂದದ್ದು ಮಳೆಗಾಲ ಹಿಡಿದ ಮೇಲೆ. ಮಂಜೂರಾದ ಮೇಲೆ ಮಾಲು ಮತ್ತು ಬಾಕಿಗಳ ಮೇಲಿನ ಬ್ಯಾಂಕಿನ ಹಕ್ಕನ್ನು 30 ದಿನದೊಳಗೆ CHG-1ರಲ್ಲಿ ದಾಖಲಿಸಬೇಕು. ನಾನೂ ಯಜಮಾನರೂ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದೆವು, ಮನೆ ಪತ್ರ ಬ್ಯಾಂಕಿನಲ್ಲೇ ಉಳಿಯಿತು. ಹಾಗಾಗಿ ಬ್ಯಾಂಕ್ ಸಾಲದ ಮಟ್ಟಿಗೆ "ಲಿಮಿಟೆಡ್" ಆದರೂ ಮನೆ ಮೊದಲಿನಂತೆಯೇ ಒತ್ತೆ. ಏಪ್ರಿಲ್ ನಂತರ ಬಟ್ಟೆ, ಜಿಪ್, ಗುಂಡಿ ಕೊಟ್ಟವರ ಬಾಕಿ ಮಾತ್ರ ಕಂಪನಿಯ ಮಟ್ಟಿಗೆ ನಿಲ್ಲುತ್ತದೆ. ಹಳೆಯ ಬಾಕಿದಾರರಿಗೂ ಪತ್ರ ಬರೆದು, ಇನ್ನು ಮುಂದೆ ಕಂಪನಿಯೇ ಕೊಡುತ್ತದೆ ಎಂಬುದಕ್ಕೆ ಒಪ್ಪಿಗೆ ಸಹಿ ಪಡೆಯಿರಿ. ಅವರು ಒಪ್ಪದಿದ್ದರೆ ಆ ಹಳೆಯ ಬಾಕಿಗೆ ನಿಮ್ಮನ್ನೇ ಕೇಳುವ ಹಕ್ಕು ಅವರಿಗಿದೆ.

ಹಳೆಯ ಖಾತೆಯ ಬಗ್ಗೆ ಒಂದು ಮಾತು. ಖರೀದಿದಾರರು ತಿಂಗಳುಗಟ್ಟಲೆ ಹಳೆಯ ಖಾತೆಗೇ ದುಡ್ಡು ಹಾಕುತ್ತಾರೆ. ಏಪ್ರಿಲ್ 1ರ ನಂತರ ಅಲ್ಲಿಗೆ ಬರುವ ಪ್ರತಿ ರೂಪಾಯಿಯೂ ಕಂಪನಿಯದು. ಕಾರ್ಡ್ ಕೈಯಲ್ಲಿದೆ ಎಂದು ಅದರಿಂದ ಮನೆ ಸಾಮಾನು ತಂದರೆ, ಮಗಳ ಫೀಸು ಕಟ್ಟಿದರೆ, ಮೂರನೆಯ ಷರತ್ತಿಗೆ ಏಟು. ನಾನು ಆ ಖಾತೆಯ ಕಾರ್ಡನ್ನು ಲೆಕ್ಕದ ಹುಡುಗನ ಡ್ರಾಯರಿನಲ್ಲಿ ಹಾಕಿಸಿ ಬೀಗ ಹಾಕಿಸಿದೆ. ಇನ್ನೊಂದು ಇಕ್ಕಟ್ಟು ಇದಕ್ಕೇ ಅಂಟಿಕೊಂಡಿದೆ: ಮಾರ್ಚ್‌ಗೆ ಮುಗಿದ ವರ್ಷದ ಲಾಭಕ್ಕೆ ನನ್ನ ಸ್ವಂತ ಆದಾಯ ತೆರಿಗೆಯ ಬಾಕಿ ಕಟ್ಟಬೇಕಾದದ್ದು ಆಮೇಲೆ, ರಿಟರ್ನ್ ಹಾಕುವಾಗ. ಆ ಹೊತ್ತಿಗೆ ವ್ಯಾಪಾರದ ದುಡ್ಡೆಲ್ಲ ಕಂಪನಿಯದಾಗಿರುತ್ತದೆ. ಕಂಪನಿ ನನ್ನ ತೆರಿಗೆ ಕಟ್ಟಿದರೆ ಅದೂ ಪ್ರತಿಫಲವೇ. ಸಿಎ ಮಾತು ಕೇಳಿ ಅಂದಾಜು ತೆರಿಗೆಯಷ್ಟು, ಮನೆ ಖರ್ಚಿಗೆ ಒಂದಿಷ್ಟು, ಮಾರ್ಚ್ 31ಕ್ಕೆ ಮುಂಚೆಯೇ ನನ್ನ ಉಳಿತಾಯ ಖಾತೆಗೆ ಡ್ರಾಯಿಂಗ್ಸ್ ಆಗಿ ತೆಗೆದಿಟ್ಟಿದ್ದೆ. ಈಗ ಕಂಪನಿಯಿಂದ ಸಂಬಳ ತೆಗೆದುಕೊಳ್ಳುತ್ತೇನೆ, ಅದು ನಾನು ಮಾಡುವ ಕೆಲಸಕ್ಕೆ, ಬೋರ್ಡ್ ನಿರ್ಣಯದ ಮೇಲೆ.

ಖರ್ಚು ಕೇಳುವವರಿಗೆ: ಸಿಎ ಮತ್ತು ಕಂಪನಿ ಸೆಕ್ರೆಟರಿ ಸೇರಿ ಸುಮಾರು 65 ಸಾವಿರ, ಮೌಲ್ಯಮಾಪಕರಿಗೆ 25 ಸಾವಿರ. ನೋಂದಣಿ ಶುಲ್ಕ, ಡಿಜಿಟಲ್ ಸಹಿ, ಸ್ಟ್ಯಾಂಪ್ ಕಾಗದ ಬೇರೆ. ಬ್ಯಾಂಕಿನ ಶುಲ್ಕ, ವಕೀಲರ ವರದಿ, ಒತ್ತೆಯ ಕಾಗದದ ಖರ್ಚು ಇವೆಲ್ಲ ಸೇರಿದರೆ ಒಂದೂವರೆ ಲಕ್ಷ ದಾಟಿತು. ಇನ್ನು ಪ್ರತಿ ವರ್ಷ ಕಂಪನಿಯ ಆಡಿಟ್ ಮತ್ತು ವಾರ್ಷಿಕ ರಿಟರ್ನ್ ಖರ್ಚು ಇದ್ದೇ ಇರುತ್ತದೆ, ವ್ಯಾಪಾರ ಆಗಲಿ ಬಿಡಲಿ.

ಉದ್ಯಮ್ ನೋಂದಣಿಯನ್ನು ಕಂಪನಿಯ ಪ್ಯಾನ್‌ಗೆ ಹೊಸದಾಗಿ ಮಾಡಿಸಿದೆವು, ಪಾಲಿಕೆಯ ಟ್ರೇಡ್ ಲೈಸೆನ್ಸೂ ಹೊಸದಾಯಿತು. ಕೆಲಸಗಾರರ ಪಿಎಫ್, ಇಎಸ್‌ಐ ಕೋಡ್ ಕಂಪನಿ ನೋಂದಣಿಯ ಜೊತೆಗೇ ಬರುತ್ತವೆ. ಹಳೆಯ ಸೇವೆ ಮುರಿಯದೆ ಮುಂದುವರಿಯುತ್ತದೆ ಎಂದು ಪ್ರತಿಯೊಬ್ಬರಿಗೂ ಪತ್ರ ಕೊಟ್ಟೆವು, ಏಕೆಂದರೆ ಹನ್ನೆರಡು ಹದಿಮೂರು ವರ್ಷದಿಂದ ನಮ್ಮಲ್ಲಿ ಹೊಲಿಯುವ ಹೆಣ್ಣುಮಕ್ಕಳು "ಅಕ್ಕಾ, ಹಳೇ ವರ್ಷ ಎಲ್ಲ ಹೋತೇನು?" ಎಂದು ಕೇಳಿದ್ದರು. ಹೋಗಲಿಲ್ಲ, ಕಾಗದದ ಮೇಲೆ ಬರೆದುಕೊಟ್ಟಿದ್ದೇವೆ. ಬಾಕಿ ಇರುವುದು ನಮ್ಮ ಲೇಬಲ್ಲಿನ ಟ್ರೇಡ್‌ಮಾರ್ಕ್. ಅದು ನನ್ನ ಹೆಸರಿನಲ್ಲಿ ನೋಂದಣಿಯಾಗಿದೆ, ಒಪ್ಪಂದದಲ್ಲಿ ಕಂಪನಿಗೆ ಕೊಟ್ಟಿದ್ದೇನೆ, ರಿಜಿಸ್ಟ್ರಿಯಲ್ಲಿ ಹೆಸರು ಬದಲಾಗಲು TM-P ಹಾಕಿ ಕಾಯುತ್ತಿದ್ದೇವೆ.